ಅಂಕಿಯ ಊರು ಕೇಳಿ: ಕೃಷಿ ವಿಜ್ಞಾನದ ರಿವ್ಯೂ ಬರಹದಲ್ಲಿ ಕೃತಿಚೌರ್ಯದ ಪ್ರಶ್ನೆ

ಪ್ರಯೋಗ ನಡೆಸಿ ಬರೆದ ಪ್ರಬಂಧದಲ್ಲಿ ಲೇಖಕನದೇ ಆದ ಸರಕು ಒಂದಿಷ್ಟಾದರೂ ಇರುತ್ತದೆ. ತಾಕಿನಲ್ಲಿ ಎಣಿಸಿದ ಹುಳು, ತೂಗಿದ ತೆನೆ, ಅವುಗಳಿಂದ ತೆಗೆದ ಸರಾಸರಿ ಬೇರೆ ಯಾರದೂ ಅಲ್ಲ. ರಿವ್ಯೂ ಪ್ರಬಂಧಕ್ಕೆ ಆ ಅನುಕೂಲವಿಲ್ಲ. ಅದರಲ್ಲಿರುವ ಮಾಹಿತಿಯೆಲ್ಲ ಪರರು ದುಡಿದು ಕಂಡುಕೊಂಡದ್ದು. ಯಾವುದನ್ನು ಆರಿಸಬೇಕು, ಯಾವುದರ ಪಕ್ಕ ಯಾವುದನ್ನಿಡಬೇಕು, ಒಟ್ಟಾಗಿ ನೋಡಿದರೆ ಏನು ಹೇಳಬಹುದು ಎಂಬುದಷ್ಟೇ ಲೇಖಕನ ಪಾಲು. ಆ ಪಾಲನ್ನು ಬಿಟ್ಟುಬಿಟ್ಟರೆ ಉಳಿಯುವುದು ನಕಲು. ಕೃಷಿ ಪದವಿಯ ವಿದ್ಯಾರ್ಥಿಗಳು ಮೊದಲ ರಿವ್ಯೂ ಬರೆಯುವಾಗ ಕೃತಿಚೌರ್ಯಕ್ಕೆ ಸಿಕ್ಕಿಬೀಳುವುದಕ್ಕೆ ಕದಿಯುವ ಉದ್ದೇಶ ಕಾರಣವಾಗುವುದು ಕಡಿಮೆ. ಹತ್ತಿಪ್ಪತ್ತು ಪಿಡಿಎಫ್‌ಗಳಿಂದ ಸಾಲುಗಳನ್ನೆತ್ತಿ ಒಂದು ಕಡತದಲ್ಲಿ ಗುಡ್ಡೆ ಹಾಕಿ, ಆಮೇಲೆ ಪದ ಬದಲಾಯಿಸುತ್ತ ಕೂರುವ ಕ್ರಮವೇ ಹೆಚ್ಚಿನ ಕಾರಣ.

ಈ ಲೇಖನ ಆ ಕ್ರಮವನ್ನು ಒಂದೇ ಉದಾಹರಣೆಯ ಜೊತೆ ಪರೀಕ್ಷಿಸುತ್ತದೆ: ಮೆಕ್ಕೆಜೋಳದ ಫಾಲ್ ಸೈನಿಕ ಹುಳು. ವಿಷಯ ಹೊಸದು, ಅದರ ಮೇಲೆ ಬಂದ ಪ್ರಬಂಧಗಳು ಬಹಳ, ಕರ್ನಾಟಕಕ್ಕಂತೂ ನೇರ ಸಂಬಂಧ. ನಾನು ಹೇಳಹೊರಟ ಮಾತು ಇಷ್ಟೇ: ಒಂದು ಅಂಕಿ ಎಲ್ಲಿ, ಹೇಗೆ ಹುಟ್ಟಿತೆಂದು ತಿಳಿಯದವನು ಅದನ್ನು ಸರಿಯಾಗಿ ಉಲ್ಲೇಖಿಸಲಾರ, ತನ್ನ ಮಾತಿನಲ್ಲಿ ಹೇಳಲೂ ಆರ. ಆಕರ ಸೂಚಿಸುವುದು, ಸ್ವಂತ ಮಾತಿನಲ್ಲಿ ಬರೆಯುವುದು ಎಂದು ನಾವು ಬೇರೆಬೇರೆಯಾಗಿ ಕಲಿಸುವ ಎರಡು ಕೌಶಲಗಳು ನಿಜಕ್ಕೂ ಒಂದೇ ಓದಿನ ಎರಡು ಫಲ.

ನಿಯಮ ಎಲ್ಲಿಯವರೆಗೆ

ಭಾರತದಲ್ಲಿ ಈ ಕುರಿತ ಮುಖ್ಯ ದಾಖಲೆ ಯುಜಿಸಿ 2018ರಲ್ಲಿ ಹೊರಡಿಸಿದ ನಿಯಮಾವಳಿ. ಅದು ಸ್ನಾತಕೋತ್ತರ ಮತ್ತು ಸಂಶೋಧನಾ ಪ್ರಬಂಧಗಳಲ್ಲಿ ಕಂಡುಬರುವ ಹೋಲಿಕೆಯನ್ನು ನಾಲ್ಕು ಹಂತ ಮಾಡುತ್ತದೆ. ಶೇ 10ರವರೆಗೆ ಶಿಕ್ಷೆಯಿಲ್ಲ. ಶೇ 10ರಿಂದ 40 ಇದ್ದರೆ ಆರು ತಿಂಗಳು ಮೀರದ ಗಡುವಿನೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ 40ರಿಂದ 60 ಆದರೆ ಒಂದು ವರ್ಷ ತಿದ್ದುಪಡಿ ಸಲ್ಲಿಸುವಂತಿಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು. ಆಕರ ಸೂಚಿ, ಪರಿವಿಡಿ, ಕೃತಜ್ಞತೆ, ಉದ್ಧರಣ ಚಿಹ್ನೆಯೊಳಗೆ ಆಕರ ಸಹಿತ ಕೊಟ್ಟ ಸಾಲು, ಸಾಮಾನ್ಯ ಪಾರಿಭಾಷಿಕ ಪದಗಳು, ಪ್ರಮಾಣಿತ ಸಮೀಕರಣಗಳು ಈ ಲೆಕ್ಕಕ್ಕೆ ಸೇರುವುದಿಲ್ಲ.

ವಿದ್ಯಾರ್ಥಿಗಳ ನಡುವೆ ಈ ನಿಯಮದಿಂದ ಹುಟ್ಟಿದ ಎರಡು ತಪ್ಪು ನಂಬಿಕೆಗಳು ಓಡಾಡುತ್ತವೆ. ಶೇ 10ರಷ್ಟು ನಕಲಿಗೆ ಅನುಮತಿಯಿದೆ ಎಂಬುದು ಮೊದಲನೆಯದು. ಶಿಕ್ಷೆಯಿಲ್ಲ ಎಂದ ಮಾತ್ರಕ್ಕೆ ತಪ್ಪಲ್ಲ ಎಂದಾಗುವುದಿಲ್ಲ. ಹತ್ತು ಪುಟದ ಪ್ರಬಂಧದಲ್ಲಿ ಶೇ 10 ಎಂದರೆ ಒಂದು ಪೂರ್ತಿ ಪುಟ, ಆ ಪುಟವೇ ಇಡೀ ಬರಹದ ತೀರ್ಮಾನವಾಗಿರಬಹುದು. ಎರಡನೆಯದು ಹದಿನಾಲ್ಕು ಪದಗಳ ಕಥೆ. ಎಲ್ಲರಿಗೂ ಗೊತ್ತಿರುವ ಮಾತು ಅಥವಾ ಆಕಸ್ಮಿಕವಾಗಿ ಹೊಂದಿದ ಪದಸರಣಿ ಸತತ 14 ಪದಗಳವರೆಗೆ ಇದ್ದರೆ ಬಿಡಬಹುದು ಎಂದು ನಿಯಮ ಹೇಳುತ್ತದೆ. ಇದನ್ನೇ ಹಿಡಿದುಕೊಂಡು ಹದಿಮೂರು ಪದಕ್ಕೊಮ್ಮೆ ಒಂದು ಪದ ಬದಲಿಸಿದರೆ ಸಾಕು ಎಂದು ಲೆಕ್ಕ ಹಾಕುವವರಿದ್ದಾರೆ. ಆ ರಿಯಾಯಿತಿ ಇರುವುದು ಆಕಸ್ಮಿಕ ಹೋಲಿಕೆಗೆ. ಎಣಿಸಿಕೊಂಡು ಮಾಡಿದ ಹೋಲಿಕೆ ಆಕಸ್ಮಿಕ ಹೇಗಾದೀತು?

ಇದಕ್ಕಿಂತ ಕಡಿಮೆ ಜನ ಗಮನಿಸಿದ ಸಂಗತಿಯೊಂದಿದೆ. ತರಗತಿಯ ಅಸೈನ್‌ಮೆಂಟ್, ಟರ್ಮ್ ಪೇಪರ್, ಪ್ರಾಜೆಕ್ಟ್ ವರದಿಗಳನ್ನು ಈ ನಿಯಮಾವಳಿ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹಾಗಾಗಿ ಪದವಿ ವಿದ್ಯಾರ್ಥಿ ತರಗತಿಗಾಗಿ ಬರೆದ ರಿವ್ಯೂಗೆ ಅನ್ವಯಿಸುವುದು ಕಾಲೇಜಿನ ಮತ್ತು ಅಧ್ಯಾಪಕರ ನಿಯಮ. ಅದೇ ಬರಹ ಜರ್ನಲ್ಲಿಗೆ ಹೋದ ದಿನ ಪರಿಸ್ಥಿತಿ ಬದಲಾಗುತ್ತದೆ. ಪ್ರಕಟಣೆಗೆಂದು ಸಲ್ಲಿಸಿದ್ದು ನಿಯಮದ ಒಳಗೆ ಬರುತ್ತದೆ, ಜರ್ನಲ್‌ನ ಸ್ವಂತ ಮಿತಿಯೂ ಅದರ ಮೇಲೆ ಕೂರುತ್ತದೆ. ಮೂರನೇ ವರ್ಷದಲ್ಲಿ ಯಾರೂ ಪ್ರಶ್ನಿಸದ ಕಡತವೇ ಎರಡು ವರ್ಷದ ನಂತರ ಸ್ನಾತಕೋತ್ತರ ಪ್ರಬಂಧದ ಎರಡನೇ ಅಧ್ಯಾಯವಾಗಿ ತಿರುಗಿ ಬರುವುದುಂಟು. ಆಗ ಹಳೆಯ ಅಭ್ಯಾಸದ ಬೆಲೆ ತೆರಬೇಕಾಗುತ್ತದೆ.

ಯಾವುದಕ್ಕೆ ಆಕರ ಬೇಕು, ಯಾವುದಕ್ಕೆ ಬೇಡ

ಪ್ರತಿ ವಾಕ್ಯಕ್ಕೂ ಆವರಣದಲ್ಲಿ ಒಂದು ಹೆಸರು ತುರುಕಿದರೆ ಕ್ಷೇಮ ಎಂದುಕೊಳ್ಳುವವರಿಗೆ ಈ ಭೇದ ತಿಳಿದಿರುವುದಿಲ್ಲ. ಫಾಲ್ ಸೈನಿಕ ಹುಳು ಪತಂಗ ಜಾತಿಯ ಕೀಟ, ಅದರ ಮರಿಹುಳು ಎಲೆ ತಿನ್ನುತ್ತದೆ, ಮೆಕ್ಕೆಜೋಳದ ಸುಳಿಯೊಳಗೆ ಸೇರಿಕೊಂಡು ಲದ್ದಿ ಹಾಕುತ್ತದೆ. ಇವು ಈ ಶಾಸ್ತ್ರದ ಯಾವ ಪಠ್ಯಪುಸ್ತಕ ತೆರೆದರೂ ಸಿಗುವ ಮಾತುಗಳು, ಯಾರ ಸ್ವತ್ತೂ ಅಲ್ಲ. ಆಕರವಿಲ್ಲದೆ ಬರೆಯಬಹುದು. ಆದರೆ ಪಠ್ಯಪುಸ್ತಕದ ವಾಕ್ಯವನ್ನೇ ಇಳಿಸಿದರೆ ಆ ವಾಕ್ಯಕ್ಕೆ ಯಜಮಾನನಿದ್ದಾನೆ. ಸಂಗತಿ ಎಲ್ಲರದಾದರೂ ಅದನ್ನು ಹೇಳಿದ ರೀತಿ ಒಬ್ಬನದು.

ಆಕರ ಬೇಕೇ ಬೇಕಾದವು ಮೂರು ಬಗೆ. ಯಾರೋ ಅಳೆದ ಅಂಕಿ ಒಂದು, ಯಾರೋ ಮೊದಲು ಕಂಡದ್ದು ಇನ್ನೊಂದು, ಯಾರೋ ವಾದಿಸಿದ ಅಭಿಪ್ರಾಯ ಮತ್ತೊಂದು. ಎರಡನೆಯದಕ್ಕೆ ನಮ್ಮ ವಿಷಯದಲ್ಲೇ ಒಳ್ಳೆಯ ನಿದರ್ಶನವಿದೆ. ಈ ಹುಳು ಅಮೆರಿಕ ಖಂಡಗಳ ಮೂಲನಿವಾಸಿ. ಆಫ್ರಿಕಾದಲ್ಲಿ ಕಾಣಿಸಿಕೊಂಡದ್ದನ್ನು ಗೋರ್ಗನ್ ಮತ್ತು ಸಂಗಡಿಗರು 2016ರಲ್ಲಿ ಪ್ಲೋಸ್ ಒನ್ ಜರ್ನಲ್‌ನಲ್ಲಿ ವರದಿ ಮಾಡಿದರು. ಭಾರತದಲ್ಲಿ ಅದು ಮೊದಲು ಗುರುತಾದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಶರಣಬಸಪ್ಪ ಮತ್ತು ಸಂಗಡಿಗರು ಅದನ್ನು ಅದೇ ವರ್ಷ 'ಪೆಸ್ಟ್ ಮ್ಯಾನೇಜ್‌ಮೆಂಟ್ ಇನ್ ಹಾರ್ಟಿಕಲ್ಚರಲ್ ಇಕೋಸಿಸ್ಟಮ್ಸ್' ಜರ್ನಲ್‌ನಲ್ಲಿ ಪ್ರಕಟಿಸಿದರು. ಇಂದು ಈ ಸಂಗತಿ ಎಷ್ಟು ಜನಜನಿತವೆಂದರೆ ಅದಕ್ಕೆ ಆಕರ ಬೇಡವೇನೋ ಅನಿಸುತ್ತದೆ, ಅಥವಾ ಯಾವುದೋ ಅಂತರರಾಷ್ಟ್ರೀಯ ಸಂಸ್ಥೆಯ ಕೈಪಿಡಿಯನ್ನು ಹೆಸರಿಸಿ ಮುಗಿಸೋಣ ಅನಿಸುತ್ತದೆ. ಹಾಗೆ ಮಾಡಿದಾಗ ವಾಕ್ಯ ಸುಳ್ಳಾಗುವುದಿಲ್ಲ, ಆದರೆ ಹೊಲದಲ್ಲಿ ಹುಳು ಹಿಡಿದು ಗುರುತಿಸಿದವರ ಶ್ರೇಯ ಕೈಪಿಡಿ ಸಂಕಲಿಸಿದವರಿಗೆ ಹೋಗುತ್ತದೆ. 'ಮೊದಲ ವರದಿ' ಎಂಬ ಮಾತು ಬಂದಲ್ಲೆಲ್ಲ ಆ ವರದಿಯನ್ನೇ ತೆರೆದು ಹೆಸರಿಸಬೇಕು.

ನಮ್ಮ ವಿದ್ಯಾರ್ಥಿಗಳು ಆಕರವೆಂದು ಲೆಕ್ಕಕ್ಕೇ ಇಡದ ಪುಸ್ತಕವೊಂದಿದೆ. ಕೃಷಿ ವಿಶ್ವವಿದ್ಯಾಲಯಗಳು ಹೊರತರುವ ಬೇಸಾಯ ಕ್ರಮಗಳ ಕೈಪಿಡಿ, ಅಂದರೆ ಎಲ್ಲರೂ ಪ್ಯಾಕೇಜ್ ಆಫ್ ಪ್ರಾಕ್ಟೀಸಸ್ ಎನ್ನುವುದು. ಬಿತ್ತನೆ ಅಂತರ, ಗೊಬ್ಬರದ ಪ್ರಮಾಣ, ಔಷಧಿಯ ಪ್ರಮಾಣ ಎಲ್ಲವನ್ನೂ ಅಲ್ಲಿಂದ ಎತ್ತುತ್ತಾರೆ. ನಮ್ಮದೇ ವಿಶ್ವವಿದ್ಯಾಲಯದ್ದಲ್ಲವೇ ಎಂಬ ಸಲಿಗೆ. ಅದಕ್ಕೂ ವಿಶ್ವವಿದ್ಯಾಲಯವನ್ನೇ ಲೇಖಕ ಸ್ಥಾನದಲ್ಲಿಟ್ಟು, ಆವೃತ್ತಿಯ ವರ್ಷ ಕೊಟ್ಟು ಆಕರ ಸೂಚಿಸಬೇಕು. ವರ್ಷ ಮುಖ್ಯ, ಏಕೆಂದರೆ ಶಿಫಾರಸು ಬದಲಾಗುತ್ತಿರುತ್ತದೆ. ಗ್ರಾಮೀಣ ಕಾರ್ಯಾನುಭವದ ದಿನಗಳಲ್ಲಿ ರೈತರ ಬಾಯಿಂದ ಕೇಳಿದ ಪದ್ಧತಿಯೂ ಹಾಗೆಯೇ: ಯಾವ ಊರಲ್ಲಿ, ಯಾವಾಗ ಕೇಳಿದ್ದು ಎಂದು ಖಾಸಗಿ ಮಾತುಕತೆಯ ರೂಪದಲ್ಲಿ ದಾಖಲಿಸಬಹುದು, ರೈತರ ಒಪ್ಪಿಗೆ ಪಡೆದು.

ಹರಿವಿನ ಮೇಲಕ್ಕೆ ಹೋಗುವುದು

ಈಗ ಮುಖ್ಯ ಪ್ರಶ್ನೆಗೆ ಬರೋಣ. ಒಬ್ಬ ವಿದ್ಯಾರ್ಥಿನಿ ಈ ಹುಳುವಿನ ಮೇಲಿನ ಒಂದು ರಿವ್ಯೂ ಓದುತ್ತಾಳೆ ಎಂದುಕೊಳ್ಳಿ. ಅದರಲ್ಲಿ 'ಈ ಕೀಟ ಮೆಕ್ಕೆಜೋಳದಲ್ಲಿ ಶೇ 45ರಷ್ಟು ನಷ್ಟ ಉಂಟುಮಾಡುತ್ತದೆ (ಡೇ ಮತ್ತು ಸಂಗಡಿಗರು, 2017)' ಎಂದಿದೆ. ಅವಳು ವಾಕ್ಯದ ಪದ ಬದಲಿಸಿ, ಆವರಣವನ್ನು ಹಾಗೆಯೇ ಇಳಿಸಿ, ಆಕರ ಸೂಚಿಗೆ ಡೇ ಅವರ ಪ್ರಬಂಧ ಸೇರಿಸುತ್ತಾಳೆ. ತಾನು ನೋಡದ ಪ್ರಬಂಧವನ್ನು ನೋಡಿದಂತೆ ತೋರಿಸಿದ್ದಾಳೆ. ಮೊದಲ ರಿವ್ಯೂನ ಲೇಖಕರು ಹುಡುಕಿ ತೆಗೆದ ಆಕರವನ್ನು ತನ್ನ ಹುಡುಕಾಟವೆಂದು ಹೇಳಿಕೊಂಡಿದ್ದಾಳೆ. ಹೋಲಿಕೆ ಪತ್ತೆ ಮಾಡುವ ತಂತ್ರಾಂಶಕ್ಕೆ ಇದು ಕಾಣುವುದೇ ಇಲ್ಲ.

ಡೇ ಅವರ ಮೂಲಕ್ಕೆ ಹೋದರೆ ಏನು ಸಿಗುತ್ತದೆ? ಘಾನಾ ಮತ್ತು ಜಾಂಬಿಯಾದಲ್ಲಿ ರೈತ ಕುಟುಂಬಗಳನ್ನು ಕೇಳಿ ಮಾಡಿದ ಸಮೀಕ್ಷೆ. ತಮಗೆ ಎಷ್ಟು ನಷ್ಟವಾಯಿತೆಂದು ರೈತರು ಹೇಳಿದ್ದರ ಸರಾಸರಿ ಘಾನಾದಲ್ಲಿ ಶೇ 45, ಜಾಂಬಿಯಾದಲ್ಲಿ ಶೇ 40. ಘಾನಾದ ಸರಾಸರಿಯ ಹಿಂದೆ ಶೇ 22ರಿಂದ 67ರವರೆಗಿನ ವ್ಯಾಪ್ತಿಯಿತ್ತು. ಈ ಎರಡು ದೇಶಗಳ ಉತ್ತರವನ್ನು ಇನ್ನೂ ಹತ್ತು ದೇಶಗಳಿಗೆ ಹಿಗ್ಗಿಸಿ, ಹತೋಟಿ ಕ್ರಮವೇ ಇಲ್ಲದಿದ್ದರೆ ಒಟ್ಟು 12 ದೇಶಗಳಲ್ಲಿ ವರ್ಷಕ್ಕೆ 83 ಲಕ್ಷದಿಂದ 206 ಲಕ್ಷ ಟನ್ ಮೆಕ್ಕೆಜೋಳ ನಷ್ಟವಾಗಬಹುದೆಂದು ಲೆಕ್ಕ ಹಾಕಿದ್ದರು. ಹುಳು ಬಂದ ಹೊಸದರಲ್ಲಿ, ಸರ್ಕಾರಗಳಿಗೆ ತುರ್ತಾಗಿ ಬೇಕಾಗಿದ್ದ ಅಂದಾಜು ಅದು. 'ಹುಳು ಶೇ 45 ನಷ್ಟ ಮಾಡುತ್ತದೆ' ಎಂಬ ವಾಕ್ಯದಲ್ಲಿ ದೇಶ ಉದುರಿತು, ರೈತರು ಹೇಳಿದ್ದು ಎಂಬುದು ಉದುರಿತು, ವ್ಯಾಪ್ತಿಯೂ ಉದುರಿತು. ಕೈಯಿಂದ ಕೈಗೆ ದಾಟುವಾಗ ಅಂಕಿ ಮಾತ್ರ ಉಳಿದು, ಅದು ಹುಟ್ಟಿದ ಊರು ಮರೆಯಾಯಿತು.

ಹಾಗಾದರೆ ಮೂಲ ಸಿಗದಿದ್ದರೆ? ಲುಗಿನ್‌ಬಿಲ್ ಅವರು ಇದೇ ಹುಳುವಿನ ಮೇಲೆ 1928ರಲ್ಲಿ ಅಮೆರಿಕದ ಕೃಷಿ ಇಲಾಖೆಗೆ ಬರೆದ ಬುಲೆಟಿನ್ ಎಲ್ಲರ ಕೈಗೂ ಎಟುಕದಿರಬಹುದು. ಸ್ಪಾರ್ಕ್ಸ್ ಅವರ 1979ರ ರಿವ್ಯೂನಲ್ಲಿ ಅದರ ಪ್ರಸ್ತಾಪ ಓದಿದ್ದರೆ, ಪಠ್ಯದಲ್ಲಿ 'ಲುಗಿನ್‌ಬಿಲ್ (1928), ಸ್ಪಾರ್ಕ್ಸ್ (1979) ಅವರಲ್ಲಿ ಉಲ್ಲೇಖಿಸಿದಂತೆ' ಎಂದು ಬರೆದು, ಆಕರ ಸೂಚಿಯಲ್ಲಿ ತಾನು ಕಂಡ ಸ್ಪಾರ್ಕ್ಸ್ ಅವರನ್ನು ಮಾತ್ರ ಸೇರಿಸಬೇಕು. ಬಹುತೇಕ ಶೈಲಿಗಳ ಒಪ್ಪಂದ ಇದು. ಕೆಲವು ಜರ್ನಲ್‌ಗಳು ಇದನ್ನೂ ಬೇಡವೆನ್ನುತ್ತವೆ, ಅವುಗಳ ಸೂಚನೆ ನೋಡಿಕೊಳ್ಳಬೇಕು. ಇಂಥ ಉಲ್ಲೇಖ ಒಂದು ರಿವ್ಯೂನಲ್ಲಿ ಒಂದೆರಡಿದ್ದರೆ ಸರಿ. ಪುಟಪುಟಕ್ಕೂ ಇದ್ದರೆ ಲೇಖಕ ಓದಿರುವುದು ಪ್ರಬಂಧಗಳನ್ನಲ್ಲ, ಇನ್ನೊಂದು ರಿವ್ಯೂವನ್ನು ಎಂದರ್ಥ. ಮೂಲ ತಲುಪುವುದು ಈಗ ಮೊದಲಿನಷ್ಟು ಕಷ್ಟವೂ ಅಲ್ಲ. ಕೃಷಿ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಿಗೆ ಸೆರಾ ಒಕ್ಕೂಟದ ಮೂಲಕ ಜರ್ನಲ್‌ಗಳು ಸಿಗುತ್ತವೆ, ಕೃಷಿ ಪ್ರಬಂಧಗಳು ಕೃಷಿಕೋಶದಲ್ಲಿವೆ, ಪ್ಲೋಸ್ ಒನ್‌ನಂಥವು ಯಾರಿಗಾದರೂ ತೆರೆದಿವೆ.

ಪದ ಬದಲಿಸಿದರೆ ಸ್ವಂತದ್ದಾಗುವುದಿಲ್ಲ

ಮೇಲಿನ ಅಂಕಿಯನ್ನೇ ಇಟ್ಟುಕೊಂಡು ಬರವಣಿಗೆ ನೋಡೋಣ. ಕೆಳಗಿನದನ್ನು ಮೂಲವೆಂದು ಭಾವಿಸಿ. ಸಂಗತಿ ಡೇ ಅವರದು, ವಾಕ್ಯ ಮಾತ್ರ ಉದಾಹರಣೆಗಾಗಿ ನಾನು ಕಟ್ಟಿದ್ದು. ನಿಮ್ಮ ರಿವ್ಯೂ ಇಂಗ್ಲಿಷಿನಲ್ಲಿರುತ್ತದೆ, ಆದರೂ ತಪ್ಪುವ ಬಗೆ ಯಾವ ಭಾಷೆಯಲ್ಲೂ ಒಂದೇ.

'ಘಾನಾ ಮತ್ತು ಜಾಂಬಿಯಾದ ರೈತ ಕುಟುಂಬಗಳ ಸಮೀಕ್ಷೆಯನ್ನು ಆಧರಿಸಿ ಲೆಕ್ಕ ಹಾಕಿದಾಗ, ಹತೋಟಿ ಕ್ರಮಗಳಿಲ್ಲದಿದ್ದರೆ ಆಫ್ರಿಕಾದ 12 ದೇಶಗಳಲ್ಲಿ ಫಾಲ್ ಸೈನಿಕ ಹುಳು ವರ್ಷಕ್ಕೆ 83 ಲಕ್ಷದಿಂದ 206 ಲಕ್ಷ ಟನ್ ಮೆಕ್ಕೆಜೋಳದ ನಷ್ಟ ಉಂಟುಮಾಡಬಲ್ಲದು.'

ವಿದ್ಯಾರ್ಥಿಯ ಮೊದಲ ಪ್ರಯತ್ನ ಸಾಮಾನ್ಯವಾಗಿ ಹೀಗಿರುತ್ತದೆ:

'ಘಾನಾ ಹಾಗೂ ಜಾಂಬಿಯಾದ ಕೃಷಿಕ ಮನೆತನಗಳ ಸರ್ವೆಯ ಆಧಾರದಲ್ಲಿ ಗಣಿಸಿದಾಗ, ನಿಯಂತ್ರಣ ಕ್ರಮಗಳು ಇಲ್ಲದೇ ಹೋದರೆ ಆಫ್ರಿಕಾ ಖಂಡದ 12 ರಾಷ್ಟ್ರಗಳಲ್ಲಿ ಈ ಕೀಟವು ವಾರ್ಷಿಕ 83 ಲಕ್ಷದಿಂದ 206 ಲಕ್ಷ ಟನ್ ಮೆಕ್ಕೆಜೋಳದ ಹಾನಿ ತರಬಲ್ಲದು (ಡೇ ಮತ್ತು ಸಂಗಡಿಗರು, 2017).'

ಆಕರ ಇದೆ, ಪದಗಳೂ ಬದಲಾಗಿವೆ. ಆದರೂ ಇದು ಸ್ವಂತ ವಾಕ್ಯವಲ್ಲ. ಮೂಲದ ಎಲುಬುಗೂಡು ಅದೇ ಕ್ರಮದಲ್ಲಿ ಉಳಿದಿದೆ. ಮೇಲಿನ ಬಟ್ಟೆ ಮಾತ್ರ ಬೇರೆ. ಬರವಣಿಗೆ ಕಲಿಸುವ ಅಮೆರಿಕದ ವಿದ್ವಾಂಸೆ ರೆಬೆಕಾ ಮೂರ್ ಹೊವಾರ್ಡ್ 1990ರ ದಶಕದಲ್ಲಿ ಇಂಥದ್ದಕ್ಕೆ ಪ್ಯಾಚ್‌ರೈಟಿಂಗ್ ಎಂದು ಹೆಸರಿಟ್ಟರು. ಅವರ ದೃಷ್ಟಿಯಲ್ಲಿ ಇದು ವಂಚನೆಗಿಂತ ಹೆಚ್ಚಾಗಿ, ಹೊಸ ವಿಷಯದ ಭಾಷೆ ಇನ್ನೂ ಕೈಗೆ ಹತ್ತದವರು ಹಾದುಹೋಗುವ ಘಟ್ಟ. ಈ ಮಾತಿಗೆ ನನ್ನ ಒಪ್ಪಿಗೆಯಿದೆ, ಒಂದು ಷರತ್ತಿನೊಡನೆ: ಘಟ್ಟವೆಂದ ಮೇಲೆ ಅಲ್ಲೇ ನಿಲ್ಲುವಂತಿಲ್ಲ. ಕಲಿಯುವವನಿಗೆ ಅದನ್ನು ತೋರಿಸಿ ತಿದ್ದಿಸಬೇಕು. ಜರ್ನಲ್ ಮಾತ್ರ ಆ ಕನಿಕರ ತೋರುವುದಿಲ್ಲ.

ಈಗ ಮೂಲವನ್ನು ಮುಚ್ಚಿಟ್ಟು, ಅದು ಹೇಳಿದ್ದೇನು ಎಂದು ಕೇಳಿಕೊಂಡು ಬರೆದದ್ದು:

'ಆಫ್ರಿಕಾದಲ್ಲಿ ಈ ಹುಳುವಿನ ನಷ್ಟದ ಬಗ್ಗೆ ಹೆಸರಾದ ಅಂಕಿ ಹೊಲದಲ್ಲಿ ತೂಗಿ ಪಡೆದದ್ದಲ್ಲ. ಡೇ ಮತ್ತು ಸಂಗಡಿಗರು (2017) ಎರಡು ದೇಶಗಳ ರೈತರು ಹೇಳಿದ ನಷ್ಟವನ್ನು ಇನ್ನೂ ಹತ್ತು ದೇಶಗಳಿಗೆ ವಿಸ್ತರಿಸಿದ್ದರು. ವರ್ಷಕ್ಕೆ 83ರಿಂದ 206 ಲಕ್ಷ ಟನ್ ಎಂಬುದು ಯಾರೂ ಹತೋಟಿಗೆ ಕೈಹಾಕದಿದ್ದರೆ ಮಾತ್ರ ಅನ್ವಯಿಸುವ ಅಂದಾಜು.'

ಇಲ್ಲಿ ಅಂಕಿ ಬದಲಾಗಿಲ್ಲ, ಬದಲಾಗಲೂಬಾರದು. ಬದಲಾದದ್ದು ಒತ್ತು. ಮೂಲಕ್ಕೆ ನಷ್ಟದ ಗಾತ್ರ ಮುಖ್ಯವಾಗಿತ್ತು, ರಿವ್ಯೂ ಬರೆಯುವವನಿಗೆ ಆ ಗಾತ್ರ ಎಷ್ಟು ನಂಬಬಹುದು ಎಂಬುದು ಮುಖ್ಯ. ಉದ್ದೇಶ ಬೇರೆಯಾದಾಗ ವಾಕ್ಯ ತಾನಾಗಿ ಬೇರೆಯಾಗುತ್ತದೆ. ಪದಕೋಶ ಹಿಡಿದು ಕೂತವನಿಗೆ ಇದು ಸಿಗದಿರುವುದು ಅವನಿಗೆ ಹೇಳುವ ಉದ್ದೇಶವೇ ಇಲ್ಲದ್ದರಿಂದ.

ಕನ್ನಡ ಮಾತಾಡುವ ವಿದ್ಯಾರ್ಥಿಗೆ ಇಲ್ಲೊಂದು ಅನುಕೂಲವಿದೆ. ಇಂಗ್ಲಿಷ್ ಪ್ರಬಂಧ ಓದಿ, ಪುಟ ಮುಚ್ಚಿ, ಅದರ ಸಾರವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದಿಟ್ಟು, ಮರುದಿನ ಆ ಕನ್ನಡ ಟಿಪ್ಪಣಿಯಿಂದ ಇಂಗ್ಲಿಷ್ ವಾಕ್ಯ ಕಟ್ಟಿದರೆ ಮೂಲದ ವಾಕ್ಯರಚನೆ ಬಹುಮಟ್ಟಿಗೆ ಕಳಚಿಹೋಗಿರುತ್ತದೆ. ಕೊನೆಗೆ ಮೂಲ ತೆರೆದು ಅಂಕಿ, ಹೆಸರು, ಷರತ್ತು ಸರಿಯಿವೆಯೇ ಎಂದು ತಾಳೆ ನೋಡಬೇಕು. ಆದರೆ ಭಾಷೆ ದಾಟಿದ ಕೂಡಲೇ ವಿಚಾರ ನಮ್ಮದಾಗುವುದಿಲ್ಲ. ಕನ್ನಡ ಕೃಷಿ ಪತ್ರಿಕೆಯ ಲೇಖನವನ್ನು ಇಂಗ್ಲಿಷಿಗೆ ತಿರುಗಿಸಿ ಆಕರವಿಲ್ಲದೆ ಹಾಕಿದರೆ, ತಂತ್ರಾಂಶ ಹಿಡಿಯದೇ ಹೋಗಬಹುದು, ಕೃತಿಚೌರ್ಯವಂತೂ ಹೌದು.

ಮುಟ್ಟಬಾರದ ಪದಗಳು

ಪದ ಬದಲಿಸುವ ಅತಿ ಉತ್ಸಾಹದಿಂದ ಇನ್ನೊಂದು ಅಪಾಯವಿದೆ. ಕೀಟಶಾಸ್ತ್ರದಲ್ಲಿ ಆರ್ಥಿಕ ಹಾನಿ ಮಟ್ಟ ಮತ್ತು ಆರ್ಥಿಕ ಮಿತಿ ಎಂದು ಎರಡು ಪರಿಕಲ್ಪನೆಗಳಿವೆ, ವಿದ್ಯಾರ್ಥಿಗಳ ಬಾಯಲ್ಲಿ ಇಐಎಲ್ ಮತ್ತು ಇಟಿಎಲ್. ಸ್ಟರ್ನ್ ಮತ್ತು ಸಂಗಡಿಗರು 1959ರಲ್ಲಿ ಇವನ್ನು ವಿವರಿಸಿದರು. ಆರ್ಥಿಕ ಹಾನಿಯನ್ನುಂಟುಮಾಡುವ ಅತಿ ಕಡಿಮೆ ಕೀಟಸಂಖ್ಯೆ ಮೊದಲನೆಯದು. ಸಂಖ್ಯೆ ಅಲ್ಲಿಗೆ ಮುಟ್ಟದಂತೆ ತಡೆಯಲು ಹತೋಟಿ ಶುರುಮಾಡಬೇಕಾದ ಹಂತ ಎರಡನೆಯದು. ಪುನರುಕ್ತಿ ತಪ್ಪಿಸಲೆಂದು ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ಸಿಂಪಡಣೆಯ ಸಮಯವೇ ತಪ್ಪಿಹೋಗುತ್ತದೆ. ಹಾಗೆಯೇ ಹುಳು ತಿಂದ ಗಿಡಗಳ ಶೇಕಡಾವಾರು ಬೇರೆ, ಇಳುವರಿ ನಷ್ಟದ ಶೇಕಡಾವಾರು ಬೇರೆ. ಎರಡಕ್ಕೂ 'ಹಾನಿ' ಎಂಬ ಒಂದೇ ಪದ ಹಾಕಿದ ಮರುಬರಹ ಮೂಲದ ಮೇಲೆ ಸುಳ್ಳು ಹೊರಿಸುತ್ತದೆ.

ಪಾರಿಭಾಷಿಕ ಪದ, ಕೀಟ ಮತ್ತು ತಳಿಗಳ ಹೆಸರು, ಔಷಧಿಯ ಹೆಸರು ಮತ್ತು ಪ್ರಮಾಣ ಇದ್ದಂತೆಯೇ ಇರಬೇಕು. 'ಇಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ, ಲೀಟರ್ ನೀರಿಗೆ 0.4 ಗ್ರಾಂ' ಎಂಬುದನ್ನು ಬೇರೆ ರೀತಿ ಹೇಳುವ ಅಗತ್ಯವಿಲ್ಲ. ತಂತ್ರಾಂಶ ಅದನ್ನು ಬಣ್ಣ ಹಚ್ಚಿ ತೋರಿಸಿದರೂ ಹೆದರಬೇಕಿಲ್ಲ. ಆಕರ ಇದ್ದರೆ ಆಯಿತು. ಪದ ತಿರುಚುವ ತಂತ್ರಾಂಶಗಳಿಗೆ ಇದು ಗೊತ್ತಾಗದು, ಪಾರಿಭಾಷಿಕ ಪದಕ್ಕೂ ಸಮಾನಾರ್ಥಕ ಹಾಕಿ ಅದನ್ನು ವಿಕಾರಗೊಳಿಸುತ್ತವೆ. ಕ್ಯಾಬನಾಕ್, ಲ್ಯಾಬೆ ಮತ್ತು ಮಗಾಜಿನೊವ್ 2021ರಲ್ಲಿ ಪ್ರಕಟಿತ ಪ್ರಬಂಧಗಳಲ್ಲಿ ಇಂಥ ವಿಕಾರ ಪದಗುಚ್ಛಗಳನ್ನು ಹುಡುಕಿ ತೆಗೆದು, ನಕಲನ್ನು ಮುಚ್ಚಿಡುವ ಯತ್ನಕ್ಕೆ ಅವೇ ಸಾಕ್ಷಿಯಾಗಬಲ್ಲವೆಂದು ತೋರಿಸಿದರು. ಹೋಲಿಕೆಯ ಪ್ರಮಾಣ ಇಳಿಸಲು ಬಳಸಿದ ಉಪಾಯವೇ ಲೇಖಕನನ್ನು ಹಿಡಿದುಕೊಟ್ಟಂತಾಯಿತು.

ಒಂದರ ಪಕ್ಕ ಇನ್ನೊಂದು

ನಕಲಿನ ಅಂಚಿನಲ್ಲಿರುವ ರಿವ್ಯೂವನ್ನು ಅದರ ಪ್ಯಾರಾಗಳ ಆರಂಭದಿಂದಲೇ ಗುರುತಿಸಬಹುದು. ಇವರು ಇಂಥ ವರ್ಷ ಹೀಗೆ ವರದಿ ಮಾಡಿದರು, ಅವರು ಇಂಥ ವರ್ಷ ಹಾಗೆ ಕಂಡುಕೊಂಡರು ಎಂದು ಪ್ರತಿ ಪ್ಯಾರಾ ಒಂದು ಪ್ರಬಂಧದ ಸಾರಾಂಶವಾಗಿರುತ್ತದೆ. ಇಂಥ ಬರಹದಲ್ಲಿ ಪ್ರತಿ ಪ್ರಬಂಧದ ಅಬ್‌ಸ್ಟ್ರಾಕ್ಟ್ ಬಿಟ್ಟರೆ ಬೇರೆ ಗತಿಯಿಲ್ಲ, ಹಾಗಾಗಿ ಅದರ ಮಾತುಗಳೇ ನುಸುಳುತ್ತವೆ. ಪ್ಯಾರಾವನ್ನು ಪ್ರಬಂಧದಿಂದ ಶುರುಮಾಡದೆ ಪ್ರಶ್ನೆಯಿಂದ ಶುರುಮಾಡಿದರೆ ಈ ಕಷ್ಟ ಬಹುಪಾಲು ಕರಗುತ್ತದೆ.

ನಮ್ಮ ಪ್ರಶ್ನೆ: ಈ ಹುಳುವಿನಿಂದ ಇಳುವರಿ ನಿಜಕ್ಕೂ ಎಷ್ಟು ಇಳಿಯುತ್ತದೆ? ಡೇ ಅವರ ಪಕ್ಕದಲ್ಲಿ ಬೋಡ್ರಾನ್ ಮತ್ತು ಸಂಗಡಿಗರ 2019ರ ಪ್ರಬಂಧ ಇಡೋಣ. ಅವರು ಪೂರ್ವ ಜಿಂಬಾಬ್ವೆಯ ಸಣ್ಣ ರೈತರ ಹೊಲಗಳಿಗೆ ಹೋಗಿ ಗಿಡಗಳ ಮೇಲಿನ ಹಾನಿಯನ್ನು ಅಂಕ ಕೊಟ್ಟು ದಾಖಲಿಸಿ, ಇಳುವರಿಯ ಮೇಲಿನ ಪರಿಣಾಮ ಶೇ 11.57 ಎಂದು ಅಂದಾಜಿಸಿದರು. ಎರಡನ್ನೂ ಸೇರಿಸಿದ ಪ್ಯಾರಾ ಹೀಗೆ ಬರಬಹುದು:

'ನಷ್ಟದ ಅಂದಾಜು ಅದನ್ನು ಪಡೆದ ವಿಧಾನಕ್ಕೆ ತಕ್ಕಂತೆ ಬದಲಾಗುತ್ತದೆ. ರೈತರನ್ನು ಕೇಳಿ ಪಡೆದ ಸರಾಸರಿ ಘಾನಾದಲ್ಲಿ ಶೇ 45, ಜಾಂಬಿಯಾದಲ್ಲಿ ಶೇ 40 (ಡೇ ಮತ್ತು ಸಂಗಡಿಗರು, 2017). ಹೊಲದಲ್ಲಿ ಗಿಡ ನೋಡಿ ಮಾಡಿದ ಅಂದಾಜು ಜಿಂಬಾಬ್ವೆಯಲ್ಲಿ ಶೇ 11.57 (ಬೋಡ್ರಾನ್ ಮತ್ತು ಸಂಗಡಿಗರು, 2019). ದೇಶ, ವರ್ಷ, ಬೇಸಾಯ ಕ್ರಮ ಬೇರೆಯಾದ್ದರಿಂದ ಇಡೀ ಅಂತರವನ್ನು ವಿಧಾನಕ್ಕೇ ಹೊರಿಸಲಾಗದು. ಆದರೆ ಹರಿದ ಎಲೆ ಕಣ್ಣಿಗೆ ಹೊಡೆಯುವಷ್ಟು ಇಳುವರಿ ಇಳಿಯದಿರಬಹುದು ಎಂಬ ಸಾಧ್ಯತೆಯನ್ನು ಭಾರತದ ಅಂದಾಜುಗಳಲ್ಲೂ ಪರೀಕ್ಷಿಸಬೇಕಿದೆ.'

ಮೊದಲ ವಾಕ್ಯಕ್ಕೂ ಕೊನೆಯ ಎರಡಕ್ಕೂ ಆಕರವಿಲ್ಲ, ಏಕೆಂದರೆ ಅವು ರಿವ್ಯೂ ಬರೆದವರ ಮಾತು. ನಡುವಿನ ಪ್ರತಿ ಅಂಕಿಯ ಪಕ್ಕದಲ್ಲೂ ಅದರ ಯಜಮಾನನಿದ್ದಾನೆ. ಪ್ಯಾರಾದ ಕೊನೆಯಲ್ಲಿ ಎಲ್ಲ ಹೆಸರುಗಳನ್ನು ಒಂದೇ ಆವರಣದಲ್ಲಿ ಪೇರಿಸಿದ್ದರೆ ಯಾವ ಅಂಕಿ ಯಾರದು, ಯಾವ ಅಭಿಪ್ರಾಯ ಲೇಖಕನದು ಎಂದು ಓದುಗರಿಗೆ ಗೊತ್ತಾಗುತ್ತಿರಲಿಲ್ಲ.

ಕೋಷ್ಟಕಕ್ಕೂ ಇದೇ ಮಾತು. ಮೊಂಟೆಜಾನೊ ಮತ್ತು ಸಂಗಡಿಗರು 2018ರಲ್ಲಿ ಈ ಹುಳುವಿನ ಆಶ್ರಯ ಸಸ್ಯಗಳನ್ನು ಪಟ್ಟಿಮಾಡಿ, 76 ಕುಟುಂಬಗಳ 353 ಸಸ್ಯಗಳನ್ನು ಲೆಕ್ಕ ಹಾಕಿದರು. ಆ ಪಟ್ಟಿಯಿಂದ ಭಾರತದ ಬೆಳೆಗಳನ್ನು ಆರಿಸಿ ಚಿಕ್ಕ ಕೋಷ್ಟಕ ಮಾಡಿದರೆ, ಆಯ್ಕೆ ನಿಮ್ಮದು, ಪಟ್ಟಿ ಅವರದು. ಕೋಷ್ಟಕದ ಕೆಳಗೆ ಅದನ್ನು ಹೇಳಬೇಕು. ಹಲವು ಪ್ರಬಂಧಗಳಿಂದ ಸಾಲು ಸೇರಿಸಿದ್ದರೆ ಪ್ರತಿ ಸಾಲಿಗೂ ಆಕರದ ಕಾಲಂ ಇರಬೇಕು. ಚಿತ್ರ ಅಥವಾ ನಕಾಶೆಯನ್ನು ಹಾಗೆಯೇ ಬಳಸುವುದಾದರೆ ಹೆಸರು ಹೇಳಿದ್ದಷ್ಟೇ ಸಾಲದು, ಪ್ರಕಾಶಕರ ಅನುಮತಿಯೂ ಬೇಕು. ಪ್ಲೋಸ್ ಒನ್‌ನಂಥ ಮುಕ್ತ ಪರವಾನಗಿಯ ಜರ್ನಲ್‌ಗಳಲ್ಲಿ ಅನುಮತಿ ಮೊದಲೇ ಸಿಕ್ಕಿರುತ್ತದೆ, ಹೆಸರಿಸುವ ಹೊಣೆ ಹಾಗೇ ಇರುತ್ತದೆ.

ಟಿಪ್ಪಣಿಯಲ್ಲಿ ಶುರುವಾಗುವ ತಪ್ಪು

ಕೃತಿಚೌರ್ಯ ನಡೆಯುವ ಜಾಗ ಅಂತಿಮ ಕರಡಲ್ಲ, ಟಿಪ್ಪಣಿ ಪುಸ್ತಕ. ಪಿಡಿಎಫ್‌ನಿಂದ ಎತ್ತಿದ ಸಾಲು ಗುರುತಿಲ್ಲದೆ ಕಡತ ಸೇರುತ್ತದೆ. ಮೂರು ವಾರ ಕಳೆದ ಮೇಲೆ ಅದು ಯಾರದೆಂದು ಬರೆದವರಿಗೇ ನೆನಪಿರುವುದಿಲ್ಲ, ಚೆನ್ನಾಗಿರುವ ವಾಕ್ಯ ತನ್ನದೇ ಇರಬೇಕೆಂದು ಅನಿಸುವುದೂ ಸಹಜ. ಇದಕ್ಕೆ ಪರಿಹಾರ ಸರಳ. ಯಥಾವತ್ತಾಗಿ ಎತ್ತಿದ್ದಕ್ಕೆ ಆಗಲೇ ಉದ್ಧರಣ ಚಿಹ್ನೆ ಹಾಕಿ ಪುಟಸಂಖ್ಯೆ ಬರೆಯಬೇಕು. ಸಾರ ಬರೆದದ್ದಕ್ಕೆ ಒಂದು ಗುರುತು, ಓದುವಾಗ ತನಗೆ ಹೊಳೆದದ್ದಕ್ಕೆ ಇನ್ನೊಂದು ಗುರುತು ಇರಬೇಕು.

ಅದರ ಜೊತೆಗೆ ಒಂದು ಪಟ್ಟಿ ಬೇಕು, ಪ್ರಬಂಧಕ್ಕೊಂದು ಸಾಲು. ಎಲ್ಲಿ ನಡೆದ ಅಧ್ಯಯನ, ಬೆಳೆಯ ಯಾವ ಹಂತ, ಏನನ್ನು ಅಳೆದರು, ಹೇಗೆ ಅಳೆದರು, ಏನು ಸಿಕ್ಕಿತು, ತಾನು ಮೂಲ ಓದಿದ್ದೇನೆಯೇ ಎಂಬ ಆರು ಕಾಲಂ ಸಾಕು. ಡೇ ಅವರ ಸಾಲಿನ 'ಹೇಗೆ' ಕಾಲಂನಲ್ಲಿ 'ರೈತರನ್ನು ಕೇಳಿ' ಎಂದು ಬರೆಯುವ ಹೊತ್ತಿಗೇ ಬೋಡ್ರಾನ್ ಅವರ ಜೊತೆಗಿನ ಹೋಲಿಕೆ ಕಣ್ಣಿಗೆ ಬಿದ್ದಿರುತ್ತದೆ. ಮೇಲಿನ ಪ್ಯಾರಾ ಹುಟ್ಟುವುದು ಅಲ್ಲಿಂದ. ಜೊಟೆರೊ, ಮೆಂಡಲಿಯಂಥ ತಂತ್ರಾಂಶ ಆಕರ ಸೂಚಿಯನ್ನು ಜರ್ನಲ್‌ನ ಶೈಲಿಗೆ ತಾನೇ ಹೊಂದಿಸುತ್ತದೆ, ಆದರೆ ಅದಕ್ಕೆ ಸೇರಿದ ಲೇಖಕರ ಹೆಸರು, ವರ್ಷ, ಸಂಪುಟ ಸರಿಯಿವೆಯೇ ಎಂದು ಒಂದೊಂದಾಗಿ ನೋಡುವ ಕೆಲಸ ನಮ್ಮದೇ. ಇನಿಷಿಯಲ್ ಹಿಂದುಮುಂದಾಗುವ ನಮ್ಮ ಕಡೆಯ ಹೆಸರುಗಳಲ್ಲಂತೂ ಅದು ಆಗಾಗ ಎಡವುತ್ತದೆ.

ಇಷ್ಟಾದ ಮೇಲೆ ಹೋಲಿಕೆಯ ವರದಿ. ಅದರಲ್ಲಿ ಮೇಲ್ಗಡೆಯ ಶೇಕಡಾವಾರಿಗಿಂತ ಬಣ್ಣ ಹಚ್ಚಿದ ಜಾಗಗಳನ್ನು ನೋಡಬೇಕು. ಕೀಟದ ಪೂರ್ಣ ವೈಜ್ಞಾನಿಕ ಹೆಸರು, ಔಷಧಿಯ ಪ್ರಮಾಣ, ಸಂಸ್ಥೆಗಳ ಹೆಸರು ಸೇರಿ ಶೇ 12 ಬಂದಿದ್ದರೆ ಚಿಂತೆಯಿಲ್ಲ. ಶೇ 4 ಎಂದಿದ್ದು, ಆ ನಾಲ್ಕೂ ಒಂದೇ ಪ್ಯಾರಾದಲ್ಲಿ ಒಂದೇ ಮೂಲದಿಂದ ಬಂದಿದ್ದರೆ ಆ ಪ್ಯಾರಾವನ್ನು ಅಳಿಸಿ, ಮೂಲ ಓದಿ, ಹೊಸದಾಗಿ ಬರೆಯಬೇಕು. ವರದಿ ಪದಸರಣಿಯನ್ನು ಮಾತ್ರ ಹೋಲಿಸುತ್ತದೆ. ಅನುವಾದಿಸಿ ಕದ್ದದ್ದು, ಓದದೆ ಹೆಸರಿಸಿದ್ದು, ಇನ್ನೊಬ್ಬರ ವಾದದ ಕ್ರಮವನ್ನೇ ಅನುಸರಿಸಿದ್ದು ಅದರ ಕಣ್ಣಿಗೆ ಬೀಳುವುದಿಲ್ಲ.

ಹಾಗಾಗಿ ಅಧ್ಯಾಪಕರು ರಿವ್ಯೂ ಜೊತೆಗೆ ಹೋಲಿಕೆಯ ವರದಿ ಕೇಳುವುದಕ್ಕಿಂತ ಆ ಆರು ಕಾಲಂನ ಪಟ್ಟಿಯನ್ನು ಕೇಳಿ, ಅದಕ್ಕೂ ಅಂಕ ಕೊಡುವುದು ಹೆಚ್ಚು ಫಲಕಾರಿ. ಪಟ್ಟಿಯನ್ನು ಕೈಯಲ್ಲಿ ಹಿಡಿದು, ಪ್ರಬಂಧದ ಯಾವುದಾದರೂ ಐದು ಅಂಕಿಗಳಿಗೆ ಬೆರಳಿಟ್ಟು, ಇದು ಎಲ್ಲಿಯದು, ಹೇಗೆ ಅಳೆದದ್ದು, ನೀನೇ ನೋಡಿದೆಯಾ ಎಂದು ಕೇಳಿದರೆ ಹತ್ತು ನಿಮಿಷದಲ್ಲಿ ವಿಷಯ ತಿಳಿಯುತ್ತದೆ. ವಿದ್ಯಾರ್ಥಿಯೂ ಸಲ್ಲಿಸುವ ಮುನ್ನ ಇದೇ ಪರೀಕ್ಷೆಯನ್ನು ತನಗೆ ತಾನೇ ಮಾಡಿಕೊಳ್ಳಬಹುದು. ಉತ್ತರ ಸಿಗದ ಅಂಕಿಗೆ ಎರಡೇ ದಾರಿ: ಮೂಲ ಹುಡುಕಿ ಓದುವುದು, ಇಲ್ಲವೇ ಆ ವಾಕ್ಯವನ್ನು ತೆಗೆದುಹಾಕುವುದು.